ಪ್ರೀತಿ ಮುರಿಯಿತು, ಟೀಮ್ ಉಳಿಯಿತು

ಬೇರೆ ಎಲ್ಲೋ ಹುಟ್ಟಿದ ಪ್ರೀತಿ ಮುರಿದರೆ ನಂಬರು ಬ್ಲಾಕ್ ಮಾಡಬಹುದು, ಅವರು ಬರುವ ಮದುವೆ ಮುಂಜಿಗಳಿಗೆ ಹೋಗದೆ ಇರಬಹುದು. ಒಂದೇ ಟೀಮಿನಲ್ಲಿ ಕೆಲಸ ಮಾಡುವ ಇಬ್ಬರಿಗೆ ಆ ಅವಕಾಶವಿಲ್ಲ. ನಿನ್ನೆ ರಾತ್ರಿ ಆಡಬಾರದ ಮಾತು ಆಡಿ ಬೇರೆಯಾದವರು ಬೆಳಿಗ್ಗೆ ಹತ್ತಕ್ಕೆ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಎದುರುಬದುರು ನಿಂತು, ಯಾವ ಕೆಲಸ ಎಲ್ಲಿಗೆ ಬಂತು ಎಂದು ಒಪ್ಪಿಸಬೇಕು. ‘ಪೇಪರ್ ಹಾಕಿಬಿಡು’ ಎಂದು ಗೆಳೆಯರು ಸುಲಭವಾಗಿ ಹೇಳುತ್ತಾರೆ. ಆದರೆ ಐಟಿ ಕಂಪನಿಗಳಲ್ಲಿ ನೋಟಿಸ್ ಅವಧಿಯೇ ಸಾಮಾನ್ಯವಾಗಿ ಎರಡು ಮೂರು ತಿಂಗಳು. ಮನೆ ಸಾಲದ ಕಂತು ಕಟ್ಟುವವರಿಗೆ ಇನ್ನೊಂದು ಕೆಲಸ ಸಿಗುವವರೆಗೆ ಪೇಪರ್ ಹಾಕುವ ಧೈರ್ಯವೂ ಬರುವುದಿಲ್ಲ. ಹಾಗಾಗಿ ಹೆಚ್ಚಿನವರು ಅಲ್ಲೇ ಉಳಿದು ದಿನ ದೂಡುತ್ತಾರೆ.

ಆ ದಿನಗಳಲ್ಲಿ ಕೆಡುವುದು ಮನಸ್ಸು ಮಾತ್ರವಲ್ಲ, ಕೆಲಸವೂ ಕೆಡುತ್ತದೆ. ಅದು ಹೇಗೆ ಎಂದು ತಿಳಿಯಲು ಬೆಂಗಳೂರಿನ ಸಾಫ್ಟ್‌ವೇರ್ ಟೀಮೊಂದನ್ನು ಕಲ್ಪಿಸಿಕೊಳ್ಳೋಣ. ಅವನು ಡೆವಲಪರ್, ಬಿಲ್ ಪಾವತಿಯ ಆ್ಯಪ್‌ಗೆ ಕೋಡ್ ಬರೆಯುತ್ತಾನೆ. ಅವಳು ಟೆಸ್ಟರ್, ಆ ಕೋಡಿನಲ್ಲಿ ತಪ್ಪು ಹುಡುಕುತ್ತಾಳೆ. ಇದು ಯಾರೋ ಒಬ್ಬರ ಕತೆಯಲ್ಲ, ಇಂಥ ಆಫೀಸುಗಳಲ್ಲಿ ಆಗುವಂಥ ಸಂಗತಿಗಳನ್ನು ಸೇರಿಸಿ ಕಟ್ಟಿದ ಉದಾಹರಣೆ. ಈ ಜೋಡಿಯನ್ನೇ ಆರಿಸಲು ಕಾರಣವಿದೆ. ಅವನ ತಪ್ಪನ್ನು ಎತ್ತಿ ತೋರಿಸುವುದೇ ಅವಳ ಉದ್ಯೋಗ. ಸಂಬಂಧ ಚೆನ್ನಾಗಿದ್ದಾಗ ಅದು ಬರೀ ಕೆಲಸವಾಗಿತ್ತು. ಮುರಿದ ಮೇಲೆ ಅವಳು ದಾಖಲಿಸುವ ಪ್ರತಿ ಬಗ್ ಅವನಿಗೆ ಸೇಡಿನಂತೆ ಕಾಣುತ್ತದೆ. ಅವನು ಕೊಡುವ ಪ್ರತಿ ಉತ್ತರ ಅವಳಿಗೆ ಅವಮಾನದಂತೆ ಕೇಳಿಸುತ್ತದೆ.

ಆ ಆ್ಯಪ್‌ನಲ್ಲಿ ಒಟಿಪಿ ಹಾಕಿದ ಮೇಲೆ ಹಿಂದಕ್ಕೆ ಹೋಗುವ ಗುಂಡಿ ಒತ್ತಿದರೆ ಹಣ ಎರಡು ಸಲ ಕಡಿತವಾಗುತ್ತದೆ ಎಂದುಕೊಳ್ಳಿ. ಅವಳು ಅದನ್ನು ‘ಕ್ರಿಟಿಕಲ್’ ಎಂದು ದಾಖಲಿಸುತ್ತಾಳೆ. ಅವನು ‘ನನ್ನ ಮಷಿನ್‌ನಲ್ಲಿ ಬರುತ್ತಿಲ್ಲ’ ಎಂದು ಬರೆದು ಮುಚ್ಚುತ್ತಾನೆ. ಅವಳು ಮತ್ತೆ ತೆರೆಯುತ್ತಾಳೆ, ಅವನು ಮತ್ತೆ ಮುಚ್ಚುತ್ತಾನೆ. ಹೀಗೆ ಮೂರು ಸುತ್ತಿನಲ್ಲಿ ಎರಡು ದಿನ ಹೋಗುತ್ತದೆ. ಆ ತಪ್ಪು ಕಾಣಿಸುವುದು ನೆಟ್‌ವರ್ಕ್ ನಿಧಾನವಿದ್ದಾಗ ಮಾತ್ರ. ಅವಳು ಪರೀಕ್ಷಿಸಿದ್ದು ಫೋನಿನ ಡೇಟಾದಲ್ಲಿ, ಅವನು ನೋಡಿದ್ದು ಆಫೀಸಿನ ವೈಫೈನಲ್ಲಿ. ಮೊದಲಾಗಿದ್ದರೆ ಅವನು ಎದ್ದು ಅವಳ ಡೆಸ್ಕಿಗೆ ಬರುತ್ತಿದ್ದ, ಇಬ್ಬರೂ ಒಂದೇ ಸ್ಕ್ರೀನ್ ನೋಡಿ ಐದು ನಿಮಿಷದಲ್ಲಿ ಕಾರಣ ಹಿಡಿಯುತ್ತಿದ್ದರು. ಈಗ ಆ ಹತ್ತು ಹೆಜ್ಜೆ ಯಾರಿಗೂ ಬೇಡವಾಗಿದೆ.

ಇದಕ್ಕಿಂತ ಅಪಾಯದ್ದು ಇದರ ಇನ್ನೊಂದು ಮುಖ. ‘ಸಿಟ್ಟಿಗೆ ಬಗ್ ಹಾಕ್ತಿದ್ದಾಳೆ ಅಂದುಕೊಳ್ಳುತ್ತಾರೆ’ ಎಂಬ ಅಳುಕಿನಿಂದ ಅವಳು ಮುಂದಿನ ಸಲ ಕ್ರಿಟಿಕಲ್ ತಪ್ಪನ್ನು ‘ಮೈನರ್’ ಎಂದು ಬರೆಯುತ್ತಾಳೆ. ಜಗಳ ಬೇಡವೆಂದು ಅವನು ತನಗೆ ಸರಿಯೆನಿಸದ ಬದಲಾವಣೆಗೂ ಮರುಮಾತಿಲ್ಲದೆ ಒಪ್ಪಿಗೆ ಕೊಡುತ್ತಾನೆ. ಹೊರಗಿನಿಂದ ನೋಡಿದರೆ ಎಲ್ಲವೂ ಶಾಂತವಾಗಿದೆ. ತಪ್ಪು ಮಾತ್ರ ನೇರ ಗ್ರಾಹಕರ ಫೋನಿಗೆ ಹೋಗುತ್ತದೆ. ಜಗಳಕ್ಕಿಂತ ಈ ಅತಿ ಸೌಜನ್ಯವನ್ನು ಕಂಡುಹಿಡಿಯುವುದು ಕಷ್ಟ.

ಟೀಮಿನ ಲೀಡ್‌ಗೆ ಇದು ಗೊತ್ತಾಗುವ ಗುರುತುಗಳಿವೆ. ಇವರಿಬ್ಬರ ನಡುವಿನ ಬಗ್‌ಗಳು ಮಾತ್ರ ಪದೇ ಪದೇ ಮುಚ್ಚಿ ತೆರೆಯುತ್ತಿರುತ್ತವೆ. ‘ಅವನಿಗೆ ಸ್ವಲ್ಪ ಹೇಳ್ತೀಯಾ’, ‘ಅವಳನ್ನ ಕೇಳಿ ನೋಡು’ ಎಂದು ಮೂರನೆಯವರೊಬ್ಬರು ಇಬ್ಬರ ನಡುವೆ ಓಡಾಡುತ್ತಿರುತ್ತಾರೆ. ಮೀಟಿಂಗಿನಲ್ಲಿ ಒಬ್ಬರು ಮಾತಾಡಿದಾಗ ಇನ್ನೊಬ್ಬರು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಚಹಾಕ್ಕೆ ಒಟ್ಟಿಗೆ ಹೋಗುತ್ತಿದ್ದ ಟೀಮು ಎರಡು ಗುಂಪಾಗಿ ಹೋಗತೊಡಗಿದರೆ ಉಳಿದವರೂ ಪಕ್ಷ ಹಿಡಿದಾಯಿತು ಎಂದರ್ಥ.

ಆಗ ಹೆಚ್ಚಿನ ಲೀಡ್‌ಗಳು ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಕೆಲವರು ‘ಅದು ಅವರ ಸ್ವಂತ ವಿಷಯ’ ಎಂದು ಕಣ್ಣು ಮುಚ್ಚಿಕೊಳ್ಳುತ್ತಾರೆ. ಕೆಲವರು ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ರಾಜಿ ಮಾಡಿಸಲು ಹೋಗುತ್ತಾರೆ. ಯಾರು ಯಾರಿಗೆ ಮೋಸ ಮಾಡಿದರು ಎಂಬುದು ಆ ಕೋಣೆಯಲ್ಲಿ ಇತ್ಯರ್ಥವಾಗುವ ಪ್ರಶ್ನೆಯಲ್ಲ. ಒಬ್ಬೊಬ್ಬರನ್ನೇ ಕರೆದು ಹೀಗೆ ಹೇಳಿದರೆ ಸಾಕು: ‘ನಿಮ್ಮಿಬ್ಬರ ಮಧ್ಯೆ ಏನಾಯ್ತು ಅಂತ ನಾನು ಕೇಳಲ್ಲ. ಪೇಮೆಂಟ್ ಬಗ್ ಎರಡು ದಿನ ತಿರುಗಿತು, ಅದು ಹಾಗಾಗಬಾರದು. ಕೆಲಸ ನಡೆಯೋಕೆ ಏನು ಬದಲಾಗಬೇಕು, ಹೇಳಿ. ಹಾಗೆಯೇ, ಯಾರಾದರೂ ನಿಮಗೆ ತೊಂದರೆ ಕೊಡ್ತಿದ್ದರೆ ಅದು ಬೇರೆ ವಿಷಯ, ಅದನ್ನ ಮೊದಲು ಹೇಳಿ.’ ಕೊನೆಯ ವಾಕ್ಯವನ್ನು ಬಿಡಬಾರದು, ಏಕೆ ಎಂಬುದು ಮುಂದೆ ತಿಳಿಯುತ್ತದೆ.

ನಮ್ಮ ಉದಾಹರಣೆಯ ಟೀಮಿನಲ್ಲಿ ಮೂರು ಏರ್ಪಾಡು ಮಾಡಿಕೊಂಡರೆ ಬಹಳಷ್ಟು ಸಲೀಸಾಗುತ್ತದೆ. ಮೊದಲನೆಯದು, ಯಾವ ತಪ್ಪು ಎಷ್ಟು ಗಂಭೀರ ಎಂಬುದನ್ನು ಬರೆದಿಡುವುದು. ಗ್ರಾಹಕರ ಹಣಕ್ಕೆ ಕುತ್ತು ಬಂದರೆ ಕ್ರಿಟಿಕಲ್, ಅಕ್ಷರ ಸಾಲು ತಪ್ಪಿದ್ದರೆ ಮೈನರ್. ನಿಯಮ ಎಲ್ಲರಿಗೂ ಒಂದೇ ಆದಾಗ ಅವಳ ತೀರ್ಮಾನದಲ್ಲಿ ಸೇಡು ಹುಡುಕಲು ಜಾಗವಿಲ್ಲ, ಅವಳು ಅಳುಕಿ ಕಡಿಮೆ ಬರೆಯಬೇಕಾಗಿಯೂ ಇಲ್ಲ. ಎರಡನೆಯದು, ಒಂದು ಬಗ್ ಎರಡನೇ ಸಲ ತೆರೆದರೆ ಮತ್ತೆ ಕಾಮೆಂಟ್ ಬರೆಯುವಂತಿಲ್ಲ. ಇನ್ನೊಬ್ಬ ಡೆವಲಪರನ್ನೂ ಸೇರಿಸಿಕೊಂಡು ಹದಿನೈದು ನಿಮಿಷ ಒಟ್ಟಿಗೆ ನೋಡಬೇಕು. ಇದೂ ಇಡೀ ಟೀಮಿಗೆ ಅನ್ವಯ, ಇವರಿಬ್ಬರಿಗೇ ಎಂದು ಮಾಡಿದರೆ ಊರಿಗೆಲ್ಲ ಡಂಗುರ ಸಾರಿದಂತೆ. ಮೂರನೆಯದು, ಎರಡು ಸ್ಪ್ರಿಂಟ್ ಅಂದರೆ ಸುಮಾರು ನಾಲ್ಕು ವಾರ, ಅವನ ಕೋಡನ್ನು ಬೇರೆ ಟೆಸ್ಟರ್ ನೋಡುವುದು. ಎದೆಯ ಉರಿ ತಣ್ಣಗಾಗಲು ನಾಲ್ಕು ವಾರ ಸಾಲದು ನಿಜ. ಆದರೆ ಹೊಸ ರೂಢಿ ಕುದುರಲು ಅಷ್ಟು ಸಮಯ ಬೇಕು.

ಅವರಿಬ್ಬರೂ ತಮ್ಮ ನಡುವೆ ಮಾಡಿಕೊಳ್ಳಬೇಕಾದ ಒಂದು ಏರ್ಪಾಡೂ ಇದೆ. ಮುಖಾಮುಖಿ ಮಾತಾಡುವ ಸ್ಥಿತಿ ಇಲ್ಲದಿದ್ದರೆ ಒಂದು ಮೆಸೇಜ್ ಸಾಕು: ‘ಇನ್ಮೇಲೆ ಆಫೀಸ್ ವಿಷಯ ಮಾತ್ರ ಮಾತಾಡೋಣ, ಅದೂ ಟೀಮ್ ಚಾಟ್‌ನಲ್ಲಿ. ನನ್ನ ಪರ್ಸನಲ್ ನಂಬರಿಗೆ ಮೆಸೇಜ್ ಬೇಡ. ನಮ್ಮ ವಿಷಯ ಟೀಮಲ್ಲಿ ಯಾರ ಹತ್ತಿರಾನೂ ನಾನು ಮಾತಾಡಲ್ಲ, ನೀನೂ ಮಾತಾಡಬೇಡ.’ ಇದರಲ್ಲಿ ಆರೋಪವಿಲ್ಲ, ವಿವರಣೆಯಿಲ್ಲ, ಉತ್ತರ ಕೇಳುವ ಪ್ರಶ್ನೆಯೂ ಇಲ್ಲ. ಮುಂದೆ ಯಾರಾದರೂ ಗೆರೆ ದಾಟಿದರೆ, ಗೆರೆ ಎಲ್ಲಿತ್ತು ಎಂಬುದಕ್ಕೆ ಇದೇ ದಾಖಲೆ.

ಇಲ್ಲಿಯವರೆಗೆ ಹೇಳಿದ್ದು ಇಬ್ಬರೂ ಸಮಾನರಾಗಿದ್ದರೆ ಸರಿ. ಒಬ್ಬರು ಇನ್ನೊಬ್ಬರ ಮೇಲಧಿಕಾರಿಯಾಗಿದ್ದರೆ ಈ ಏರ್ಪಾಡು ಯಾವುದೂ ಸಾಲದು. ಅಪ್ರೈಸಲ್ ಬರೆಯುವವರು, ರಜೆ ಮಂಜೂರು ಮಾಡುವವರು, ಯಾರಿಗೆ ಯಾವ ಕೆಲಸ ಎಂದು ಹಂಚುವವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅವರು ಕೊಟ್ಟ ಅಂಕವನ್ನು ನಂಬುವವರಿಲ್ಲ. ಕಡಿಮೆ ಕೊಟ್ಟರೆ ಹಗೆ, ಹೆಚ್ಚು ಕೊಟ್ಟರೆ ಬಾಯಿ ಮುಚ್ಚಿಸಲು ಎನ್ನುತ್ತಾರೆ. ಅನೇಕ ಕಂಪನಿಗಳ ನಿಯಮದಲ್ಲಿ ಮೇಲಧಿಕಾರಿ ಮತ್ತು ಅವರ ಕೈಕೆಳಗಿನವರ ನಡುವಿನ ಸಂಬಂಧವನ್ನು ಎಚ್‌ಆರ್‌ಗೆ ತಿಳಿಸಬೇಕು ಎಂದಿರುವುದು ಇದಕ್ಕೇ. ಸಂಬಂಧ ಇದ್ದಾಗ ತಿಳಿಸದಿದ್ದರೂ ಮುರಿದ ಮೇಲಾದರೂ ತಿಳಿಸಿ, ಅಪ್ರೈಸಲ್ ಹೊಣೆಯನ್ನು ಬೇರೆಯವರಿಗೆ ವಹಿಸಿಕೊಡುವಂತೆ ಕೇಳಬೇಕು. ಕೇಳುವ ಹೊಣೆ ಮೇಲಿನ ಸ್ಥಾನದಲ್ಲಿರುವವರದು.

ಮುಜುಗರ ಎಲ್ಲಿಗೆ ಮುಗಿದು ಕಿರುಕುಳ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಮುಖ ತಿರುಗಿಸುವುದು, ಮಾತು ಬಿಡುವುದು ಮುಜುಗರ. ಬೇಡವೆಂದ ಮೇಲೂ ರಾತ್ರಿ ಮೆಸೇಜ್ ಕಳಿಸಿ ಪ್ರೀತಿಗೆ ಪೀಡಿಸುವುದು, ಹಳೆಯ ಫೋಟೋ ತೋರಿಸುತ್ತೇನೆಂದು ಹೆದರಿಸುವುದು, ಮತ್ತೆ ಹತ್ತಿರವಾಗದಿದ್ದರೆ ಪ್ರಮೋಶನ್ ಸಿಗದೆಂಬ ಸೂಚನೆ ಕೊಡುವುದು ಮುಜುಗರವಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಗೆ 2013ರಲ್ಲಿ ಬಂದ, ಎಲ್ಲರೂ ‘ಪೋಶ್’ ಎಂದು ಕರೆಯುವ ಕಾಯ್ದೆಯ ಅಡಿ ಇಂಥವು ದೂರಿಗೆ ಕಾರಣವಾಗಬಲ್ಲವು. ಆ ಕಾಯ್ದೆ ಕೇಳುವ ಪ್ರಶ್ನೆ, ಆ ನಡವಳಿಕೆ ಅವಳಿಗೆ ಬೇಕಿತ್ತೇ ಎಂದು. ಹಿಂದೆ ಪ್ರೀತಿಸಿದ್ದಳು ಎಂಬುದು ಇವತ್ತಿನ ಒಪ್ಪಿಗೆಯಾಗುವುದಿಲ್ಲ. ಆಫೀಸು ಒದಗಿಸುವ ವಾಹನವೂ ಕೆಲಸದ ಸ್ಥಳವೇ ಎಂದು ಕಾಯ್ದೆ ಹೇಳುತ್ತದೆ. ಆದ್ದರಿಂದ ರಾತ್ರಿಯ ಕ್ಯಾಬಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತು ಪೀಡಿಸಿದರೂ ಅದು ಆಫೀಸಿನ ಹೊಣೆಯೇ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಮಹಿಳೆ, ಕನಿಷ್ಠ ಅರ್ಧ ಸದಸ್ಯರು ಮಹಿಳೆಯರು, ಒಬ್ಬರು ಹೊರಗಿನವರು. ಸಣ್ಣ ಆಫೀಸಿನವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಕೊನೆಯ ಘಟನೆಯಾಗಿ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಧಿ ವಿಸ್ತರಿಸಬಹುದು. ವಿಚಾರಣೆ ಮುಗಿಯುವ ಮೊದಲೇ ಅವಳು ಲಿಖಿತವಾಗಿ ಕೇಳಿದರೆ, ಇಬ್ಬರಲ್ಲಿ ಒಬ್ಬರನ್ನು ಬೇರೆಡೆಗೆ ವರ್ಗಾಯಿಸಲು, ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಲು, ಅವನು ಅವಳ ಕೆಲಸದ ಬಗ್ಗೆ ವರದಿ ಬರೆಯದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಆರೋಪ ಸಾಬೀತುಪಡಿಸಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರುದಾರಳ ಮೇಲೆ ಕ್ರಮವಿಲ್ಲ. ಈ ಕಾಯ್ದೆಯಡಿ ದೂರು ಕೊಡಬಹುದಾದವರು ಮಹಿಳೆಯರು ಮಾತ್ರ. ಪೀಡನೆಗೆ ಒಳಗಾದವನು ಗಂಡಸಾದರೆ ಕಂಪನಿಯ ಸ್ವಂತ ನಿಯಮ ಮತ್ತು ಇತರ ಕಾನೂನುಗಳ ಮೊರೆ ಹೋಗಬೇಕು. ಯಾರೇ ಆಗಲಿ, ಸಿಟ್ಟಿನಲ್ಲಿ ಚಾಟ್ ಅಳಿಸಿಹಾಕಬಾರದು.

ಕಿರುಕುಳ ಇಲ್ಲದೆಡೆಯೂ ಕೆಲವೊಮ್ಮೆ ಒಂದೇ ಟೀಮಿನಲ್ಲಿ ಮುಂದುವರಿಯಲು ಆಗುವುದಿಲ್ಲ. ನಾಲ್ಕು ವಾರ ಕಳೆದರೂ ಬಗ್‌ಗಳು ಅದೇ ರೀತಿ ತಿರುಗುತ್ತಿದ್ದರೆ, ಭಾನುವಾರ ಸಂಜೆಯೇ ಹೊಟ್ಟೆ ಕಿವುಚತೊಡಗಿದರೆ ಟೀಮು ಬದಲಿಸುವುದೇ ಲೇಸು. ಯಾರು ಹೋಗಬೇಕು ಎನ್ನುವಾಗ ಬಹಳ ಆಫೀಸುಗಳು ಕಿರಿಯರನ್ನು ಅಥವಾ ಹೆಣ್ಣನ್ನು ಕಳಿಸುತ್ತವೆ, ಏಕೆಂದರೆ ಅವರನ್ನು ಕದಲಿಸುವುದು ಸುಲಭ. ಇದು ಅನ್ಯಾಯ. ಹೋದವರೇ ತಪ್ಪು ಮಾಡಿದವರು ಎಂಬ ಮಾತು ಅವರ ಹಿಂದೆಯೇ ಹೊಸ ಟೀಮಿಗೂ ಹೋಗುತ್ತದೆ. ಇಬ್ಬರಿಗೂ ಸಮಾನವಾಗಿ ಕೇಳಬೇಕು. ಹೋಗುವವರ ಹುದ್ದೆ, ಸಂಬಳ, ಆ ವರ್ಷದ ಅಪ್ರೈಸಲ್ ಕೆಡದಂತೆ ಲಿಖಿತ ಭರವಸೆ ಕೊಡಬೇಕು. ಇಬ್ಬರಿಗೂ ಇಷ್ಟವಿಲ್ಲದಿದ್ದರೆ ಅಧಿಕಾರ ಹೆಚ್ಚಿರುವವರೇ ಕದಲಬೇಕು, ಏಕೆಂದರೆ ಇನ್ನೊಂದು ಟೀಮಿನಲ್ಲಿ ಬೇರೂರುವ ಶಕ್ತಿ ಹೆಚ್ಚಾಗಿರುವುದು ಅವರಿಗೇ.