ಕಾಫಿ ಆರುವ ಲೆಕ್ಕಕ್ಕೆ ಕೋಣೆಯೇ ಆಧಾರ

ಸಖರಾಯಪಟ್ಟಣದ ಹೋಟೆಲೊಂದರ ಮೇಜಿನ ಮೇಲಿಟ್ಟ ಕಾಫಿ ಮೊದಲ ಹತ್ತು ನಿಮಿಷದಲ್ಲಿ ಆರಿದಷ್ಟು ಮುಂದಿನ ಹತ್ತು ನಿಮಿಷದಲ್ಲಿ ಆರುವುದಿಲ್ಲ. ಆರುವ ವೇಗವನ್ನು ನಿರ್ಧರಿಸುವುದು ಕಾಫಿ ಎಷ್ಟು ಬಿಸಿಯಾಗಿದೆ ಎಂಬುದಲ್ಲ, ಕೋಣೆಗಿಂತ ಎಷ್ಟು ಹೆಚ್ಚು ಬಿಸಿಯಾಗಿದೆ ಎಂಬುದು. 1701ರಲ್ಲಿ ನ್ಯೂಟನ್ ತಮ್ಮ ಹೆಸರು ಹಾಕದೆ ಪ್ರಕಟಿಸಿದ ಲೇಖನದ ತಿರುಳು ಇದೇ. ಹಾಗಾಗಿ ಈ ಹೆಚ್ಚುವರಿ ಬಿಸಿ ಸಮಾನ ಅವಧಿಗಳಲ್ಲಿ ಒಂದೇ ಅನುಪಾತದಲ್ಲಿ ಕುಗ್ಗುತ್ತದೆ. ಕೋಣೆ 25 ಡಿಗ್ರಿ, ಕಾಫಿ 85 ಡಿಗ್ರಿ ಎಂದಿಟ್ಟುಕೊಳ್ಳೋಣ. ಹತ್ತು ನಿಮಿಷಕ್ಕೆ ಅದು 65ಕ್ಕೆ, ಇಪ್ಪತ್ತಕ್ಕೆ 51.7ಕ್ಕೆ ಇಳಿದರೆ, ಹೆಚ್ಚುವರಿ ಬಿಸಿ 60ರಿಂದ 40ಕ್ಕೆ, ಅಲ್ಲಿಂದ 26.7ಕ್ಕೆ ಬಂತು. ಎರಡು ಸಲವೂ ಉಳಿದದ್ದು ಮೂರರಲ್ಲಿ ಎರಡು ಪಾಲು. ಈ ಹೆಚ್ಚುವರಿಯ ಲಾಗರಿದಮ್ ಅನ್ನು ಸಮಯದ ಎದುರು ಗುರುತಿಸಿದರೆ ಬಿಂದುಗಳು ನೇರ ಗೆರೆಯಲ್ಲಿ ಕೂರುತ್ತವೆ.

ಕೋಣೆಯ ಉಷ್ಣಾಂಶವನ್ನು ಬೇರೆಯಾಗಿ ಅಳೆಯುವುದೇಕೆ, ರೇಖೆಯಿಂದಲೇ ಕಂಪ್ಯೂಟರ್ ಅದನ್ನು ಹುಡುಕಿಕೊಡಲಿ ಎಂದು ಯಾರಾದರೂ ಕೇಳಬಹುದು. ಹುಡುಕಿಕೊಡುವುದೇನೋ ನಿಜ, ಆದರೆ ಆ ಉತ್ತರವನ್ನು ನಂಬುವುದು ಕಷ್ಟ. ಮೇಲಿನ ಮೂರೇ ಅಳತೆಗಳಿಂದ ಲೆಕ್ಕ ಹಾಕಿದರೆ ಕೋಣೆ 25.3 ಡಿಗ್ರಿ ಎಂದು ಬರುತ್ತದೆ. ಕೊನೆಯ 51.7ನ್ನು 52 ಎಂದು ಓದಿಬಿಟ್ಟರೆ ಅದೇ ಲೆಕ್ಕ 27.9 ಎನ್ನುತ್ತದೆ. ಒಂದೊಂದು ಡಿಗ್ರಿಗೆ ಗೆರೆಯಿರುವ ಥರ್ಮಾಮೀಟರಿನಲ್ಲಿ ಅಷ್ಟು ತಪ್ಪು ಆಗದಿರುವುದೇ ಅಪರೂಪ. ಹೆಚ್ಚು ಅಳತೆಗಳಿದ್ದರೆ ಈ ಅಪಾಯ ತಗ್ಗುತ್ತದೆ, ಆದರೆ ಅವು ಕಾಫಿ ಬಹುತೇಕ ಆರುವವರೆಗೂ ಮುಂದುವರಿಯಬೇಕು. ಆದ್ದರಿಂದ ಕಾಫಿಯ ಲೋಟದಿಂದ ದೂರದಲ್ಲಿ, ಬಿಸಿಲು ಬೀಳದ ಕಡೆ ಎರಡನೆಯ ಥರ್ಮಾಮೀಟರ್ ತೂಗುಹಾಕಿ, ಪ್ರಯೋಗದ ಆರಂಭದಲ್ಲೂ ಕೊನೆಯಲ್ಲೂ ಓದುವುದೇ ಸರಿ.

ಗೆರೆ ನೇರವಾಗದಿದ್ದರೆ ನಿಯಮವೇ ತಪ್ಪೆಂದು ಕೈಬಿಡಬೇಕಾಗಿಲ್ಲ. ಅದು ಎಲ್ಲಿ ಬಾಗಿತು ಎಂದು ನೋಡಿದರೆ ಕಾರಣ ಸಿಗುತ್ತದೆ. ಕೋಣೆಯ 25 ಡಿಗ್ರಿಯನ್ನು 22 ಎಂದು ಹಿಡಿದವರಿಗೆ ಮೊದಲರ್ಧ ನೇರವಾಗಿಯೇ ಕಾಣುತ್ತದೆ. ಒಂದು ಗಂಟೆಯ ಹೊತ್ತಿಗೆ ನಿಜವಾದ ಹೆಚ್ಚುವರಿ 5.3 ಡಿಗ್ರಿಯಿದ್ದರೆ ಅವರ ಲೆಕ್ಕದಲ್ಲಿ ಅದು 8.3, ಹಾಗಾಗಿ ಗೆರೆಯ ಬಾಲ ಮೇಲೆದ್ದು ಚಪ್ಪಟೆಯಾಗುತ್ತದೆ. ತೆರೆದ ಲೋಟದಲ್ಲಿ ಬಾಗು ಕಾಣುವುದು ಆರಂಭದಲ್ಲಿ. ಹಬೆಯಾಗಿ ಹೋಗುವ ನೀರು ಶಾಖವನ್ನು ಹೊತ್ತೊಯ್ಯುತ್ತದೆ, ಆ ನಷ್ಟ ಬಿಸಿ ಹೆಚ್ಚಿದಂತೆ ನ್ಯೂಟನ್ ನಿಯಮದ ಲೆಕ್ಕವನ್ನು ಮೀರಿ ಏರುತ್ತದೆ, ಆದ್ದರಿಂದ ಮೊದಲ ನಿಮಿಷಗಳಲ್ಲಿ ಗೆರೆ ಕಡಿದಾಗಿ ಇಳಿಯುತ್ತದೆ. ಅದೇ ಕಾಫಿಗೆ ಮುಚ್ಚಳ ಹಾಕಿ ಮತ್ತೆ ಅಳೆದಾಗ ಆ ಕಡಿದಾದ ಇಳಿತ ಬಹುಪಾಲು ಮಾಯವಾದರೆ ಹಬೆಯೇ ಕಾರಣವೆಂದು ಖಚಿತ.

ಮುಚ್ಚಳ ಹಾಕಿದ ಮೇಲೂ ಸಣ್ಣ ಬಾಗು ಉಳಿಯಬಹುದು. ತಾನಾಗಿ ಮೇಲೇಳುವ ಬಿಸಿಗಾಳಿಯೂ ವಿಕಿರಣವೂ ಉಷ್ಣಾಂಶದ ವ್ಯತ್ಯಾಸಕ್ಕೆ ನೇರ ಅನುಪಾತದಲ್ಲಿರುವುದಿಲ್ಲ. ನ್ಯೂಟನ್ ನಿಯಮದ ಈ ಮಿತಿಯನ್ನು ಡುಲಾಂಗ್ ಮತ್ತು ಪೆಟಿ 19ನೇ ಶತಮಾನದ ಆರಂಭದಲ್ಲೇ ಅಳೆದು ತೋರಿಸಿದ್ದರು. ಹಾಗಾಗಿ ಲ್ಯಾಬ್ ದಾಖಲೆಯಲ್ಲಿ ಇಳಿಜಾರಿನ ಸಂಖ್ಯೆಯ ಜೊತೆಗೆ ಕೋಣೆಯ ಉಷ್ಣಾಂಶ, ಮುಚ್ಚಳವಿತ್ತೇ ಎಂಬುದು ಮತ್ತು ಗೆರೆ ಯಾವ ಉಷ್ಣಾಂಶದಿಂದ ಯಾವುದರವರೆಗೆ ನೇರವಿತ್ತು ಎಂಬುದನ್ನೂ ಬರೆಯಬೇಕು. ಇವಿಲ್ಲದಿದ್ದರೆ ಇನ್ನೊಂದು ಕೋಣೆಯ ಫಲಿತಾಂಶದೊಂದಿಗೆ ಆ ಸಂಖ್ಯೆಯನ್ನು ಹೋಲಿಸಲಾಗದು.