ಬೇಗನೆ ಮುಗಿಸುವ ಮಗುವಿಗೆ ‘ಲೀಲಾವತಿ’

ಶಾಲೆಯ ಲೆಕ್ಕಗಳನ್ನೆಲ್ಲ ಇತರರಿಗಿಂತ ಮೊದಲೇ ಮುಗಿಸಿ, ಕಿಟಕಿಯಾಚೆ ನೋಡುತ್ತ ಬೇಸರದಿಂದ ಕುಳಿತಿರುವ ಬಾಲಕಿಗೆ ಮುಂದಿನ ತರಗತಿಯ ಪಠ್ಯಪುಸ್ತಕವನ್ನು ಕೊಡುವುದು ವಾಡಿಕೆಯಾದರೂ, ಅದರಿಂದ ಆಕೆಯ ಬೇಸರವು ಒಂದು ವರ್ಷ ಮುಂದಕ್ಕೆ ಸರಿಯುವುದೇ ಹೊರತು ನೀಗುವುದಿಲ್ಲ. ಅದಕ್ಕೆ ಬದಲಾಗಿ, ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ‘ಲೀಲಾವತಿ’ಯ ಸಾನುವಾದ ಪ್ರತಿಯೊಂದನ್ನು ಆಕೆಯ ಕೈಗಿತ್ತು ನೋಡಿರಿ.

ಅದರಲ್ಲೊಂದು ದುಂಬಿಗಳ ಲೆಕ್ಕವುಂಟು. ಹಿಂಡಿನ ಐದರಲ್ಲೊಂದು ಪಾಲು ಕದಂಬಕ್ಕೂ, ಮೂರರಲ್ಲೊಂದು ಪಾಲು ಶಿಲೀಂಧ್ರವೆಂಬ ಹೂವಿಗೂ, ಇವೆರಡರ ಅಂತರದ ಮೂರು ಪಟ್ಟು ಕುಟಜಕ್ಕೂ ಹಾರಿಹೋಗಲು, ಒಂದೇ ದುಂಬಿ ಆಕಾಶದಲ್ಲಿ ಅಲೆಯುತ್ತ ಉಳಿಯಿತು, ಹಿಂಡಿನಲ್ಲಿದ್ದವೆಷ್ಟು?

ಬೀಜಗಣಿತವನ್ನರಿಯದವರಿಗೂ ಆಚಾರ್ಯನು ‘ಇಷ್ಟಕರ್ಮ’ವೆಂಬ ಉಪಾಯವನ್ನು ತಿಳಿಸಿದ್ದಾನೆ. ಇಷ್ಟ ಬಂದ ಸಂಖ್ಯೆ, 30 ಎಂದೇ ಇಟ್ಟುಕೊಳ್ಳೋಣ: 6, 10 ಮತ್ತು 12 ಹೋಗಿ 2 ಉಳಿಯುತ್ತವೆ, ಉಳಿಯಬೇಕಾದುದು ಒಂದೇ ಆದುದರಿಂದ, ಹಿಂಡು 30ರ ಅರ್ಧ, ಅಂದರೆ 15. ತಪ್ಪು ಊಹೆಯೇ ಸರಿಯಾದ ಉತ್ತರಕ್ಕೆ ಒಯ್ಯುವ ಈ ಸೋಜಿಗವು, ಚುರುಕು ಬುದ್ಧಿಯ ಮಗುವನ್ನು ಹಿಡಿದು ನಿಲ್ಲಿಸದಿರದು.

ಆದರೆ ಚುರುಕಾದವಳು ಇದನ್ನೂ ಬೇಗನೆ ಮುಗಿಸಿಯಾಳು! ಆಗ ಲೆಕ್ಕವನ್ನು ತುಸು ಕೆಡಿಸಿರಿ: ಕುಟಜಕ್ಕೆ ಹೋದವುಗಳಲ್ಲಿ 2 ಹಿಂದಿರುಗಿ, ಆಕಾಶದಲ್ಲಿ ಒಟ್ಟು 3 ಆದುವೆನ್ನಿ. 30ನ್ನು ಊಹಿಸಿದರೆ ಉಳಿಯುವುದು 4. ಹಳೆಯ ಉಪಾಯದಂತೆ 30ರ ಮುಕ್ಕಾಲನ್ನು ತೆಗೆದರೆ ಇಪ್ಪತ್ತೆರಡೂವರೆ ದುಂಬಿ! ಹಿಂಡಿನ ಪಾಲಲ್ಲದ, ಬಿಡಿಯಾದ ಆ ಎರಡು ದುಂಬಿಗಳೇ ಉಪಾಯವನ್ನು ಕೆಡಿಸಿದುವೆಂಬುದನ್ನು ಆಕೆಗೆ ಹೇಳಿಬಿಡಬೇಡಿರಿ.