ಅರ್ಧ ಕಟ್ಟಿದ ಕಟ್ಟಡದ ಲಾಭ ಎಷ್ಟು?

ದೊಡ್ಡ ಕಟ್ಟಡವೊಂದರ ಗುತ್ತಿಗೆ ಎರಡು ಮೂರು ವರ್ಷ ನಡೆಯುತ್ತದೆ. ಗುತ್ತಿಗೆದಾರನ ಲೆಕ್ಕಪತ್ರ ಮಾತ್ರ ಪ್ರತಿ ವರ್ಷ ಮಾರ್ಚ್ 31ಕ್ಕೆ ಮುಗಿಯಬೇಕು. ಅಂದು ಕಟ್ಟಡದ ಎರಡನೇ ಮಹಡಿಗೆ ಸೆಂಟ್ರಿಂಗ್ ಕಟ್ಟುತ್ತಿರಬಹುದು, ಗೋಡೆಗೆ ಗಾರೆಯೂ ಬಿದ್ದಿರುವುದಿಲ್ಲ. ಆದರೂ ಆ ವರ್ಷದ ಲಾಭ ಇಷ್ಟು ಎಂದು ಹೇಳಲೇಬೇಕು. ಕೆಲಸ ಪೂರ್ತಿ ಮುಗಿದ ಮೇಲೆ ಒಟ್ಟಿಗೇ ಲಾಭ ತೋರಿಸಿದರೆ ಎರಡು ವರ್ಷ ಏನೂ ಗಳಿಸದವನಂತೆಯೂ ಮೂರನೆಯ ವರ್ಷ ದಿಢೀರನೆ ಶ್ರೀಮಂತನಾದವನಂತೆಯೂ ಲೆಕ್ಕ ಕಾಣುತ್ತದೆ. ಹಾಗಾಗಿ ಕೆಲಸ ಎಷ್ಟು ಪಾಲು ಮುಗಿದಿದೆಯೋ ಗುತ್ತಿಗೆ ಮೊತ್ತದ ಅಷ್ಟು ಪಾಲನ್ನು ಆದಾಯವಾಗಿ ಹಿಡಿಯುವ ಪದ್ಧತಿ ರೂಢಿಗೆ ಬಂದಿದೆ. ಭಾರತದಲ್ಲಿ ಸಣ್ಣ ಹಾಗೂ ಮಧ್ಯಮ ಗುತ್ತಿಗೆದಾರ ಕಂಪನಿಗಳಿಗೆ ಲೆಕ್ಕಪತ್ರ ಮಾನದಂಡ 7 ಇದನ್ನೇ ಹೇಳುತ್ತದೆ. ಷೇರುಪೇಟೆಯಲ್ಲಿರುವ ಮತ್ತು ದೊಡ್ಡ ಕಂಪನಿಗಳಿಗೆ 2018ರ ಏಪ್ರಿಲ್ 1ರಿಂದ ಇಂಡ್ ಎಎಸ್ 115 ಅನ್ವಯಿಸುತ್ತದೆ.

ಎಷ್ಟು ಪಾಲು ಮುಗಿದಿದೆ ಎಂಬುದನ್ನು ಕಂಡುಕೊಳ್ಳಲು ಹೆಚ್ಚು ಬಳಕೆಯಲ್ಲಿರುವ ದಾರಿ ವೆಚ್ಚದ ಅನುಪಾತ. ಈವರೆಗೆ ಆದ ವೆಚ್ಚವನ್ನು, ಇಡೀ ಕೆಲಸಕ್ಕೆ ಆಗಲಿರುವ ಒಟ್ಟು ವೆಚ್ಚದ ಅಂದಾಜಿನಿಂದ ಭಾಗಿಸಿದರೆ ಶೇಕಡಾವಾರು ಸಿಗುತ್ತದೆ. ಲೆಕ್ಕ ಶಾಲೆಯ ಹುಡುಗರಿಗೂ ಬರುವಂಥದ್ದು. ಕಷ್ಟವಿರುವುದು ಭಾಗಿಸುವುದರಲ್ಲಲ್ಲ, ಮೇಲಿನ ಅಂಕಿಗೆ ಏನೇನು ಸೇರಿಸಬೇಕು, ಕೆಳಗಿನ ಅಂಕಿಯನ್ನು ಎಷ್ಟು ನಂಬಬಹುದು ಎಂಬುದರಲ್ಲಿ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ತಾಲ್ಲೂಕು ಕೇಂದ್ರವೊಂದರಲ್ಲಿ ಆಸ್ಪತ್ರೆ ಕಟ್ಟಡದ ಗುತ್ತಿಗೆ ಒಂದು ಖಾಸಗಿ ಕಂಪನಿಗೆ ಸಿಕ್ಕಿದೆ. ಜಿಎಸ್‌ಟಿ ಬಿಟ್ಟು ಗುತ್ತಿಗೆ ಮೊತ್ತ 1,000 ಲಕ್ಷ ರೂಪಾಯಿ, ಅಂದರೆ 10 ಕೋಟಿ. ದರ ನಿಗದಿಯಾಗಿದ್ದು, ಬೆಲೆ ಏರಿದರೆ ಹೆಚ್ಚುವರಿ ಹಣ ಕೊಡುವ ಷರತ್ತು ಇಲ್ಲ. ಟೆಂಡರ್ ಹಾಕುವಾಗ ಕಂಪನಿ ಮಾಡಿದ ವೆಚ್ಚದ ಅಂದಾಜು 880 ಲಕ್ಷ. ಎಲ್ಲ ಎಣಿಸಿದಂತೆ ನಡೆದರೆ 120 ಲಕ್ಷ ಲಾಭ.

ಈ 880 ಲಕ್ಷದಲ್ಲಿ ಸಿಮೆಂಟು, ಕಬ್ಬಿಣ, ಜಲ್ಲಿ, ಎಂ ಸ್ಯಾಂಡ್, ಕೂಲಿ, ಸೈಟ್ ಎಂಜಿನಿಯರ್ ಮತ್ತು ಕಾವಲುಗಾರನ ಸಂಬಳ, ಯಂತ್ರಗಳನ್ನು ಸಾಗಿಸಿದ ಬಾಡಿಗೆ, ವಿಮೆ ಎಲ್ಲವೂ ಇವೆ. ಸ್ವಂತ ಜೆಸಿಬಿ ಎರಡು ಸೈಟುಗಳಲ್ಲಿ ದುಡಿದರೆ ಅದರ ಸವಕಳಿಯನ್ನು ಲಾಗ್ ಬುಕ್ಕಿನ ಗಂಟೆಗಳ ಪ್ರಕಾರ ಹಂಚಬೇಕು. ಯಾವ ಕೆಲಸಕ್ಕೂ ಹೋಗದೆ ಯಾರ್ಡಿನಲ್ಲಿ ನಿಂತ ಯಂತ್ರದ ಸವಕಳಿಯನ್ನು ಯಾವ ಗುತ್ತಿಗೆಯ ಮೇಲೂ ಹೇರುವಂತಿಲ್ಲ. ಮುಖ್ಯ ಕಚೇರಿಯ ಸಾಮಾನ್ಯ ಆಡಳಿತ ಖರ್ಚೂ, ಗುತ್ತಿಗೆಯ ಕರಾರು ಅದಕ್ಕೆ ಪ್ರತ್ಯೇಕವಾಗಿ ಹಣ ಕೊಡುವುದಾಗಿ ಹೇಳದಿದ್ದರೆ, ಹೊರಗೇ ಉಳಿಯುತ್ತದೆ.

ಮೊದಲ ವರ್ಷ ಮುಗಿದಾಗ ಈ ಕೆಲಸದ ಖಾತೆಯಲ್ಲಿ 304 ಲಕ್ಷ ರೂಪಾಯಿ ಹೋಗಿರುವುದು ಕಾಣುತ್ತದೆ. ಇದನ್ನು ನೇರವಾಗಿ 880ರಿಂದ ಭಾಗಿಸಿದರೆ ಸುಮಾರು ಶೇ. 34.5 ಬರುತ್ತದೆ. ಆದರೆ ಮಾರ್ಚ್ 31ರಂದು ಸೈಟಿಗೆ ಹೋಗಿ ನೋಡಿದರೆ 30 ಲಕ್ಷದ ಕಬ್ಬಿಣ ಇನ್ನೂ ಟಾರ್ಪಾಲಿನ ಕೆಳಗಿದೆ. ದರ ಏರುವ ಸೂಚನೆ ಕಂಡು ಮೊದಲೇ ತರಿಸಿಟ್ಟದ್ದು. ವಿದ್ಯುತ್ ಕೆಲಸದ ಉಪಗುತ್ತಿಗೆದಾರನಿಗೆ 10 ಲಕ್ಷ ಮುಂಗಡ ಹೋಗಿದೆ, ಅವನು ಇನ್ನೂ ಒಂದು ಪೈಪೂ ಹಾಕಿಲ್ಲ. ಇವೆರಡೂ ಹಣ ಹೋಗಿರುವುದನ್ನು ತೋರಿಸುತ್ತವೆಯೇ ಹೊರತು ಕೆಲಸ ಆಗಿರುವುದನ್ನಲ್ಲ. ಕಬ್ಬಿಣ ಆಸ್ತಿಯಾಗಿ, ಮುಂಗಡ ಬರಬೇಕಾದ ಬಾಕಿಯಾಗಿ ಬ್ಯಾಲೆನ್ಸ್ ಶೀಟಿಗೆ ಹೋಗುತ್ತವೆ. ಈ ಕೆಲಸಕ್ಕೆಂದೇ ವಿಶೇಷವಾಗಿ ತಯಾರಿಸಿದ ಸಾಮಗ್ರಿಯಾಗಿದ್ದರೆ ಮಾನದಂಡ 7 ಅದನ್ನು ಎಣಿಸಲು ಬಿಡುತ್ತದೆ. ಯಾವ ಸೈಟಿಗೂ ಒಯ್ಯಬಹುದಾದ ಸರಳಿಗೆ ಆ ರಿಯಾಯಿತಿ ಇಲ್ಲ.

ಹೀಗೆ ಕಳೆದ ಮೇಲೆ ಉಳಿಯುವುದು 264 ಲಕ್ಷ. ಅದು 880ರ ಶೇ. 30. ಮೊದಲ ವರ್ಷದ ಆದಾಯ 300 ಲಕ್ಷ, ವೆಚ್ಚ 264 ಲಕ್ಷ, ಲಾಭ 36 ಲಕ್ಷ. ಕಬ್ಬಿಣ, ಮುಂಗಡ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಿದ್ದರೆ ಲಾಭ 41 ಲಕ್ಷ ದಾಟುತ್ತಿತ್ತು. ಆ ಹೆಚ್ಚಿನ ಐದು ಲಕ್ಷ ಟಾರ್ಪಾಲಿನ ಕೆಳಗೆ ಮಲಗಿದ್ದ ಲಾಭ.

ಇಲ್ಲಿ ಹಲವರಿಗೆ ಗೊಂದಲವಾಗುವುದು ಬಿಲ್ಲಿನ ವಿಷಯದಲ್ಲಿ. ಎಂಜಿನಿಯರ್ ಬಂದು ಅಳತೆ ಪುಸ್ತಕದಲ್ಲಿ ಬರೆದು ಸಹಿ ಮಾಡಿದ ಕೆಲಸಕ್ಕಷ್ಟೇ ರನ್ನಿಂಗ್ ಬಿಲ್ ಆಗುತ್ತದೆ. ಮೊದಲ ವರ್ಷ ಅಂಥ ಬಿಲ್ಲುಗಳ ಮೊತ್ತ 250 ಲಕ್ಷ ಎಂದಿಟ್ಟುಕೊಂಡರೆ, ಆದಾಯ 250 ಅಲ್ಲ, 300 ಲಕ್ಷವೇ. ಉಳಿದ 50 ಲಕ್ಷ ‘ಕೆಲಸವಾಗಿದೆ, ಬಿಲ್ಲಾಗಿಲ್ಲ’ ಎಂಬ ಬಾಕಿಯಾಗಿ ಆಸ್ತಿಯ ಕಡೆ ನಿಲ್ಲುತ್ತದೆ. ಬಿಲ್ಲಿನಿಂದ ಶೇ. 2ರಂತೆ ಮುರಿದ ಟಿಡಿಎಸ್ ಆಗಲಿ, ದೋಷ ಹೊಣೆಯ ಅವಧಿ ಮುಗಿಯುವವರೆಗೆ ಗ್ರಾಹಕ ತಡೆಹಿಡಿಯುವ ಠೇವಣಿಯಾಗಲಿ ಆದಾಯವನ್ನು ಕಡಿಮೆ ಮಾಡುವುದಿಲ್ಲ. ಕೆಲಸ ಶುರುವಾಗುವ ಮುನ್ನ ಬಂದ ಮೊಬಿಲೈಜೇಷನ್ ಅಡ್ವಾನ್ಸ್ ಆದಾಯವನ್ನು ಹೆಚ್ಚಿಸುವುದೂ ಇಲ್ಲ. ಕೈಗೆ ಬಂದ ಹಣದ ಲೆಕ್ಕ ಬೇರೆ, ಗಳಿಕೆಯ ಲೆಕ್ಕ ಬೇರೆ.

ಎರಡನೆಯ ವರ್ಷ ಕಬ್ಬಿಣ, ಸಿಮೆಂಟುಗಳ ದರ ಏರುತ್ತದೆ, ಸೆಂಟ್ರಿಂಗ್ ಕೆಲಸಗಾರರ ಕೂಲಿಯೂ ಏರುತ್ತದೆ. ವರ್ಷದ ಕೊನೆಗೆ ಉಳಿದ ಕೆಲಸದ ಪಟ್ಟಿಯನ್ನು ಒಂದೊಂದಾಗಿ ಹಿಡಿದು ಇಂದಿನ ದರದಲ್ಲಿ ಮತ್ತೆ ಲೆಕ್ಕ ಹಾಕಿದಾಗ ಒಟ್ಟು ವೆಚ್ಚದ ಅಂದಾಜು 940 ಲಕ್ಷಕ್ಕೆ ಏರುತ್ತದೆ. ಈವರೆಗಿನ ವೆಚ್ಚ 658 ಲಕ್ಷ, ಅಂದರೆ ಶೇ. 70. ಒಟ್ಟು ಆದಾಯ 700 ಲಕ್ಷ. ಹಿಂದಿನ ವರ್ಷದ 300 ಕಳೆದರೆ ಈ ವರ್ಷದ್ದು 400. ಈ ವರ್ಷದ ವೆಚ್ಚ 394. ಲಾಭ ಬರೀ 6 ಲಕ್ಷ.

ಮೊದಲ ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿಯೂ ಲಾಭ ಆರನೇ ಒಂದು ಪಾಲಿಗೆ ಇಳಿದದ್ದು ಏಕೆ? ಹೊಸ ಅಂದಾಜಿನ ಪ್ರಕಾರ ಇಡೀ ಗುತ್ತಿಗೆಯ ಲಾಭ 60 ಲಕ್ಷ, ಅದರ ಶೇ. 70 ಅಂದರೆ 42 ಲಕ್ಷ. ಅದರಲ್ಲಿ 36 ಲಕ್ಷವನ್ನು ಹಳೆಯ ಅಂದಾಜು ನಂಬಿ ಮೊದಲ ವರ್ಷವೇ ತೋರಿಸಿ ಆಗಿದೆ. ಆಗ ತಿಳಿದಿದ್ದ ಸಂಗತಿಗಳ ಮೇಲೆ ಪ್ರಾಮಾಣಿಕವಾಗಿ ಮಾಡಿದ ಅಂದಾಜಾಗಿದ್ದರೆ ಹಿಂದಿನ ವರ್ಷದ ಲೆಕ್ಕವನ್ನು ತೆರೆಯುವಂತಿಲ್ಲ. ಬದಲಾವಣೆಯ ಪೂರ್ತಿ ಹೊರೆ ಈ ವರ್ಷದ ಮೇಲೆ. ಮೂರನೆಯ ವರ್ಷ ಕಟ್ಟಡ ಮುಗಿದು ಒಟ್ಟು ವೆಚ್ಚ 950 ಲಕ್ಷಕ್ಕೆ ನಿಂತರೆ, ಉಳಿದ 300 ಲಕ್ಷ ಆದಾಯದ ಎದುರು 292 ಲಕ್ಷ ವೆಚ್ಚವಾಗಿ 8 ಲಕ್ಷ ಲಾಭ ಬರುತ್ತದೆ. ಮೂರೂ ವರ್ಷ ಕೂಡಿದರೆ 50 ಲಕ್ಷ.

ಈ ಪದ್ಧತಿಯ ದುರ್ಬಲ ಜಾಗ ಇದೇ. ಎರಡನೆಯ ವರ್ಷ ಅಂದಾಜನ್ನು ಪರಿಷ್ಕರಿಸದೆ ಹಳೆಯ 880ಕ್ಕೇ ಅಂಟಿಕೊಂಡಿದ್ದರೆ 658 ಲಕ್ಷ ವೆಚ್ಚ ಶೇ. 74.8 ಎಂದು ಕಾಣುತ್ತಿತ್ತು, ಆ ವರ್ಷದ ಲಾಭ ಸುಮಾರು 54 ಲಕ್ಷವಾಗುತ್ತಿತ್ತು. ಒಂದು ಇಟ್ಟಿಗೆಯನ್ನೂ ಹೆಚ್ಚು ಇಡದೆ ಲಾಭ ಒಂಬತ್ತು ಪಟ್ಟು! ಬ್ಯಾಂಕಿನಿಂದ ಸಾಲದ ಮಿತಿ ಹೆಚ್ಚಿಸಿಕೊಳ್ಳಬೇಕಾದ ವರ್ಷದಲ್ಲಿ ಈ ಆಸೆ ಸಣ್ಣದಲ್ಲ. ವ್ಯರ್ಥ ವೆಚ್ಚವೂ ಇದೇ ಮೋಸ ಮಾಡುತ್ತದೆ. ಗುಣಮಟ್ಟ ಸಾಲದೆ ಒಂದು ಸ್ಲ್ಯಾಬ್ ಒಡೆದು ಮತ್ತೆ ಹಾಕಿದರೆ ಖರ್ಚು ಎರಡು ಸಲ, ಕಟ್ಟಡದಲ್ಲಿ ಸ್ಲ್ಯಾಬ್ ಒಂದೇ. ಬೆಲೆಯಲ್ಲಿ ಎಣಿಸಿರದ ಇಂಥ ಪೋಲನ್ನು ಪ್ರಗತಿಯ ಅಳತೆಯಿಂದ ಹೊರಗಿಡಬೇಕೆಂದು ಇಂಡ್ ಎಎಸ್ 115 ಹೇಳುತ್ತದೆ.

ಅಂದಾಜು ಸುಳ್ಳಾಡುತ್ತಿದೆಯೇ ಎಂದು ತಿಳಿಯಲು ಸೈಟಿನ ಅಳತೆಯೇ ಒಳ್ಳೆಯ ಸಾಕ್ಷಿ. ವೆಚ್ಚದ ಪ್ರಕಾರ ಶೇ. 75 ಮುಗಿದಿದೆ ಎನ್ನುವ ಕಟ್ಟಡದಲ್ಲಿ ಅಳತೆ ಪುಸ್ತಕದ ಪ್ರಕಾರ ಶೇ. 65 ಕೆಲಸ ಮಾತ್ರ ಆಗಿದ್ದರೆ ಆ ಅಂತರಕ್ಕೆ ಕಾರಣ ಕೇಳಲೇಬೇಕು. ಬಿಲ್ಲಾಗದ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ, ಗ್ರಾಹಕ ಒಪ್ಪದ ಕೆಲಸವನ್ನು ಆದಾಯವಾಗಿ ಹಿಡಿದಿರುವ ಸಾಧ್ಯತೆ ಇದೆ. ಒಂದೇ ಕಂಪನಿಯ ಹತ್ತು ಗುತ್ತಿಗೆಗಳೂ ಆರಂಭದಲ್ಲಿ ಹೆಚ್ಚು ಲಾಭ ತೋರಿಸಿ ಕೊನೆಯಲ್ಲಿ ಸೊರಗುತ್ತಿದ್ದರೆ ಅದು ಕಬ್ಬಿಣದ ದರದ ತಪ್ಪಲ್ಲ, ಅಂದಾಜು ಮಾಡುವವರ ಅಭ್ಯಾಸ. ಬ್ರಿಟನ್ನಿನ ನಿರ್ಮಾಣ ಕಂಪನಿ ಕ್ಯಾರಿಲಿಯನ್ 2017ರ ಜುಲೈನಲ್ಲಿ ತನ್ನ ಗುತ್ತಿಗೆಗಳ ಮೇಲೆ ಒಮ್ಮೆಲೇ 84.5 ಕೋಟಿ ಪೌಂಡ್ ನಷ್ಟಕ್ಕೆ ಅವಕಾಶ ಮಾಡಬೇಕಾಯಿತು. 2018ರ ಜನವರಿಯಲ್ಲಿ ಅದು ಮುಚ್ಚಿಹೋಯಿತು.

ನಷ್ಟದ ಲೆಕ್ಕ ಲಾಭದ ಲೆಕ್ಕದಂತೆ ನಡೆಯುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಎರಡನೆಯ ವರ್ಷದ ಅಂದಾಜು 940ರ ಬದಲು 1,040 ಲಕ್ಷಕ್ಕೆ ಏರಿತು, ಆದ ವೆಚ್ಚ 728 ಲಕ್ಷ ಎಂದುಕೊಳ್ಳೋಣ. ಆಗಲೂ ಶೇ. 70ರಷ್ಟೇ ಕೆಲಸ, 700 ಲಕ್ಷವೇ ಆದಾಯ. ಒಟ್ಟು ನಷ್ಟ 40 ಲಕ್ಷ ಆಗಲಿದೆ, ಮುಗಿದ ಪಾಲಿಗೆ ಬರುವುದು 28 ಲಕ್ಷ. ಲಾಭವಾಗಿದ್ದರೆ ಉಳಿದದ್ದಕ್ಕೆ ಮುಂದಿನ ವರ್ಷದವರೆಗೆ ಕಾಯಬೇಕಿತ್ತು. ನಷ್ಟವನ್ನು ಕಾಯಿಸುವಂತಿಲ್ಲ; ಕಂಡ ವರ್ಷವೇ ಇನ್ನುಳಿದ 12 ಲಕ್ಷವನ್ನೂ ಸೇರಿಸಿ 40 ಲಕ್ಷವನ್ನೂ ಒಪ್ಪಿಕೊಳ್ಳಬೇಕು. ಮೊದಲ ವರ್ಷ ತೋರಿಸಿದ 36 ಲಕ್ಷ ಲಾಭವೂ ಅಳಿಸಿಹೋಗಬೇಕಾದ್ದರಿಂದ ಎರಡನೆಯ ವರ್ಷದ ಖಾತೆಗೆ ಬೀಳುವ ಪೆಟ್ಟು 76 ಲಕ್ಷ.

ಆದಾಯ ತೆರಿಗೆಯ ಲೆಕ್ಕ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ತೆರಿಗೆಗೆಂದು ಹೊರಡಿಸಿದ ಐಸಿಡಿಎಸ್ 3ರಲ್ಲಿಯೂ ಮುಗಿದ ಪಾಲಿನ ಪದ್ಧತಿಯೇ ಇದೆ, ಆದರೆ ಮುಂದೆ ಆಗಲಿರುವ ನಷ್ಟವನ್ನು ಮೊದಲೇ ಕಳೆಯಲು ಅದು ಬಿಡುವುದಿಲ್ಲ. ಆ 12 ಲಕ್ಷ ತೆರಿಗೆಯ ಲೆಕ್ಕಕ್ಕೆ ಬರುವುದು ಉಳಿದ ಕೆಲಸ ನಡೆಯುತ್ತ ಹೋದ ಹಾಗೆ. ಗುತ್ತಿಗೆಯ ಫಲ ಏನೆಂದು ಅಂದಾಜಿಸಲಾಗದ ಆರಂಭದ ಹಂತದಲ್ಲಿ ಆದ ವೆಚ್ಚದಷ್ಟನ್ನೇ ಆದಾಯವಾಗಿ ತೋರಿಸಿ ಲಾಭವನ್ನು ಮುಂದೂಡಬಹುದು ಎಂಬ ಮಾತು ಎರಡರಲ್ಲೂ ಇದೆ. ತೆರಿಗೆಯವರು ಅದಕ್ಕೂ ಒಂದು ಗೆರೆ ಎಳೆದಿದ್ದಾರೆ: ಶೇ. 25ರಷ್ಟು ಕೆಲಸ ಮುಗಿದ ಮೇಲೆ ಆ ಕಾರಣ ನಡೆಯುವುದಿಲ್ಲ. ಮೊದಲ ವರ್ಷವೇ ಶೇ. 30 ಮುಗಿಸಿದ ನಮ್ಮ ಆಸ್ಪತ್ರೆಯ ಗುತ್ತಿಗೆದಾರ ಆ ಗೆರೆಯನ್ನು ದಾಟಿಯಾಗಿತ್ತು.